ವೇಗಕ್ಕೊಂದು ಶ್ರುತಿ

1979ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಡೇಡ್ ಕೌಂಟಿಯಲ್ಲಿ ಒಂದು ಟಿವಿ ವರದಿ ಪ್ರಸಾರವಾಯಿತು. ಅದರಲ್ಲಿ ಪೊಲೀಸರು ಬಳಸುವ ರೇಡಾರ್ ಗನ್ನನ್ನು ಒಂದು ತಾಳೆಮರದ ಕಡೆ ಹಿಡಿದು ತೋರಿಸಿದರು. ಗನ್ನಿನ ಮೇಲೆ 86 ಎಂಬ ಅಂಕಿ ಮೂಡಿತು. ಗಂಟೆಗೆ 86 ಮೈಲಿ, ನಮ್ಮ ಲೆಕ್ಕದಲ್ಲಿ 138 ಕಿಲೋಮೀಟರ್. ಒಂದು ಮನೆಯ ಕಡೆ ಹಿಡಿದಾಗ 28 ಮೈಲಿ ಬಂತು. ಮರ ನೆಲದಲ್ಲಿ ಬೇರೂರಿ ನಿಂತಿತ್ತು, ಮನೆ ತಳಪಾಯದ ಮೇಲಿತ್ತು. ವಿಷಯ ಕೋರ್ಟಿಗೆ ಹೋಯಿತು. ತಜ್ಞರ ಸಾಕ್ಷ್ಯವನ್ನು ಕೇಳಿದ ನ್ಯಾಯಾಧೀಶರು, ಅಲ್ಲಿ ಬಳಸುತ್ತಿದ್ದ ರೇಡಾರಿನ ಅಂಕಿಯನ್ನು ಸಂಶಯಕ್ಕೆ ಎಡೆಯಿಲ್ಲದ ಸಾಕ್ಷಿ ಎಂದು ಒಪ್ಪಲಾಗದು ಎಂದರು.

ಈ ಕತೆಯನ್ನು ಕೇಳಿದವರು ಸಾಮಾನ್ಯವಾಗಿ ‘ಹಾಗಾದರೆ ರೇಡಾರ್ ಸುಳ್ಳು ಹೇಳುತ್ತದೆ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಗನ್ನು ಏನನ್ನೋ ಸರಿಯಾಗಿಯೇ ಕೇಳಿಸಿಕೊಂಡಿತ್ತು. ಅದು ಮರದ ದನಿಯಾಗಿರಲಿಲ್ಲ, ಅಷ್ಟೇ. ‘ಕೇಳಿಸಿಕೊಂಡಿತ್ತು’ ಎಂದು ಬೇಕೆಂದೇ ಬರೆದಿದ್ದೇನೆ. ಸಾಧಾರಣ ರೇಡಾರ್ ಗನ್ನು ವಾಹನ ಎಷ್ಟು ದೂರದಲ್ಲಿದೆ ಎಂದು ಅಳೆಯುವುದಿಲ್ಲ, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದೂ ನೋಡುವುದಿಲ್ಲ. ಅದಕ್ಕೆ ಸಿಗುವುದು ಒಂದು ಸ್ವರ ಮಾತ್ರ. ಆ ಸ್ವರ ಎಷ್ಟು ಮೇಲಿನದು ಎಂಬುದರಿಂದ ಅದು ವೇಗವನ್ನು ಹೇಳುತ್ತದೆ.

ರೈಲ್ವೆ ಗೇಟಿನ ಬಳಿ ನಿಂತವರಿಗೆ ಈ ಸ್ವರದ ಪರಿಚಯ ಇದ್ದೇ ಇದೆ. ಹಾರನ್ ಹೊಡೆಯುತ್ತಾ ಬರುವ ಗಾಡಿಯ ದನಿ ನಮ್ಮನ್ನು ದಾಟುವ ಗಳಿಗೆಯಲ್ಲಿ ಕೆಳಕ್ಕೆ ಜಾರುತ್ತದೆ. ದೂರವಾದಂತೆ ಸದ್ದು ಕಡಿಮೆಯಾಗುವುದು ಬೇರೆ, ಇದು ಬೇರೆ. ಇಲ್ಲಿ ಸ್ವರವೇ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. ಗಾಡಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿದೆ ಎನ್ನಿ, ಅಂದರೆ ಸೆಕೆಂಡಿಗೆ 25 ಮೀಟರ್. ಹಾರನ್ನಿನ ದನಿ ಸೆಕೆಂಡಿಗೆ 400 ಕಂಪನದ್ದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗಾಡಿ ನಿಂತಿದ್ದರೆ ಒಂದು ಅಲೆಗೂ ಮುಂದಿನ ಅಲೆಗೂ ನಡುವೆ 86 ಸೆಂಟಿಮೀಟರ್‌ನಷ್ಟು ಅಂತರ ಇರುತ್ತದೆ. ಆದರೆ ಗಾಡಿ ನಿಂತಿಲ್ಲ. ಒಂದು ಅಲೆಯನ್ನು ಬಿಟ್ಟು ಮುಂದಿನದನ್ನು ಬಿಡುವಷ್ಟರಲ್ಲಿ ಅದು ಆರು ಸೆಂಟಿಮೀಟರ್ ಮುಂದೆ ಬಂದಿರುತ್ತದೆ. ಹಾಗಾಗಿ ಗಾಡಿಯ ಮುಂದೆ ಅಲೆಗಳು ಒತ್ತೊತ್ತಾಗಿ ಬೀಳುತ್ತವೆ, ಹಿಂದೆ ವಿರಳವಾಗುತ್ತವೆ. ನಮ್ಮ ಕಿವಿಗೆ ಗಾಡಿ ಬರುವಾಗ ಸೆಕೆಂಡಿಗೆ 431 ಅಲೆ ತಾಗುತ್ತವೆ, ದಾಟಿ ಹೋದ ಮೇಲೆ 373. ಸಂಗೀತ ಗೊತ್ತಿದ್ದವರ ಲೆಕ್ಕದಲ್ಲಿ ಹೇಳುವುದಾದರೆ, ಬರುವಾಗಿನ ದನಿಯನ್ನು ಪಂಚಮ ಎಂದುಕೊಂಡರೆ ಹೋಗುವಾಗಿನದು ಶುದ್ಧ ಮಧ್ಯಮವನ್ನೂ ದಾಟಿ, ಅಂತರ ಗಾಂಧಾರವನ್ನು ಮುಟ್ಟದೆ ನಡುವೆ ಎಲ್ಲೋ ನಿಲ್ಲುತ್ತದೆ. ಎರಡೂವರೆ ಸ್ವರಸ್ಥಾನದ ಇಳಿತ. ಕಿವಿ ಪಳಗಿದವರು ಗೇಟಿನ ಬಳಿ ನಿಂತು ಈ ಇಳಿತವನ್ನು ಗುರುತಿಸಿದರೆ, ಗಾಡಿಯ ವೇಗವನ್ನು ಪೆನ್ನು ಕಾಗದದಲ್ಲಿ ಹೇಳಬಹುದು.

ಇದು ಬರಿಯ ಕಲ್ಪನೆಯಲ್ಲ, 1845ರಲ್ಲಿ ನೆದರ್ಲೆಂಡ್ಸಿನಲ್ಲಿ ಹೀಗೇ ಮಾಡಿ ನೋಡಿದ್ದಾರೆ. ಅದಕ್ಕೆ ಮೂರು ವರ್ಷ ಮೊದಲು, 1842ರಲ್ಲಿ, ಪ್ರಾಗ್‌ನಲ್ಲಿ ಪಾಠ ಹೇಳುತ್ತಿದ್ದ ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ಒಂದು ಪ್ರಬಂಧ ಮಂಡಿಸಿದ್ದರು. ಜೋಡಿ ನಕ್ಷತ್ರಗಳಿಗೆ ಬೇರೆ ಬೇರೆ ಬಣ್ಣ ಇರುವುದು ಅವುಗಳ ಓಟದಿಂದ ಎಂಬುದು ಅವರ ವಾದ. ನಕ್ಷತ್ರಗಳ ಬಣ್ಣದ ವಿಷಯದಲ್ಲಿ ಅವರು ತಪ್ಪಿದರು. ಅದನ್ನು ಮುಖ್ಯವಾಗಿ ತೀರ್ಮಾನಿಸುವುದು ನಕ್ಷತ್ರದ ಬಿಸಿ. ಆದರೆ ಅಲೆಯ ಮೂಲವೋ ನೋಡುವವನೋ ಚಲಿಸಿದರೆ ಅಲೆಯ ಕಂಪನ ಬದಲಾಗುತ್ತದೆ ಎಂಬ ಮೂಲ ಮಾತು ನಿಂತಿತು. ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲೊ ಅದನ್ನು ಶಬ್ದದಲ್ಲಿ ಪರೀಕ್ಷಿಸಲು ಉಟ್ರೆಕ್ಟ್ ಬಳಿಯ ರೈಲು ಹಳಿಯನ್ನು ಆರಿಸಿಕೊಂಡರು. ಎಂಜಿನ್ ಎಳೆಯುವ ಬಂಡಿಯ ಮೇಲೆ ಕಹಳೆ ಊದುವವರು, ಹಳಿಯ ಪಕ್ಕದಲ್ಲಿ ಸ್ವರಜ್ಞಾನವುಳ್ಳ ಸಂಗೀತಗಾರರು. ಫೆಬ್ರುವರಿಯ ಚಳಿಯಲ್ಲಿ ಮೊದಲ ಪ್ರಯತ್ನ ಕೆಟ್ಟಿತು, ಜೂನ್‌ನಲ್ಲಿ ಮತ್ತೆ ಮಾಡಿದರು. ಕಹಳೆಯವರು ಒಂದೇ ಸ್ವರವನ್ನು ಊದುತ್ತಿದ್ದರೂ ಪಕ್ಕದಲ್ಲಿ ನಿಂತವರಿಗೆ ಬರುವಾಗ ಮೇಲಿನದು, ಹೋಗುವಾಗ ಕೆಳಗಿನದು ಕೇಳಿಸಿತು. ವೇಗವನ್ನು ಅಳೆಯುವ ಮೊದಲ ಡಾಪ್ಲರ್ ಉಪಕರಣ ಸಂಗೀತಗಾರನ ಕಿವಿ ಎಂದು ನಾನು ಧಾರಾಳವಾಗಿ ಹೇಳುತ್ತೇನೆ.

ರೇಡಾರಿಗೆ ಬಂದಾಗ ಎರಡು ವ್ಯತ್ಯಾಸಗಳಿವೆ. ಕಾರು ತಾನಾಗಿ ಅಲೆಯನ್ನು ಬಿಡುವುದಿಲ್ಲ, ಗನ್ನು ಕಳಿಸಿದ್ದನ್ನು ತಿರುಗಿಸಿ ಕಳಿಸುತ್ತದೆ. ಆ ಅಲೆ ಶಬ್ದದ್ದಲ್ಲ, ರೇಡಿಯೋ ಅಲೆ. ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವಂಥದ್ದು. ಪೊಲೀಸ್ ಗನ್ನುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಕಂಪನ 24.15 ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ 2,415 ಕೋಟಿ ಅಲೆ. ಈ ಅಲೆಯ ಉದ್ದ ಹನ್ನೆರಡೂವರೆ ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ, ಬೆರಳಿನ ಉಗುರಿನಷ್ಟು.

ಈ ಉಗುರಿನಳತೆಯ ಅಲೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ. ಗನ್ನಿನಿಂದ ಹೊರಟ ಅಲೆ ಕಾರಿಗೆ ಬಡಿದು ಹಿಂದಿರುಗುತ್ತದೆ. ಕಾರು ಗನ್ನಿನ ಕಡೆ 6.2 ಮಿಲಿಮೀಟರ್, ಅಂದರೆ ಅರ್ಧ ಅಲೆಯಷ್ಟು ಮುಂದೆ ಬಂತು ಎನ್ನಿ. ಹೋಗುವ ದಾರಿ 6.2 ಮಿಲಿಮೀಟರ್ ಕಡಿಮೆಯಾಯಿತು, ಬರುವ ದಾರಿಯೂ ಅಷ್ಟೇ ಕಡಿಮೆಯಾಯಿತು. ಒಟ್ಟು ದಾರಿ ಒಂದು ಇಡೀ ಅಲೆಯಷ್ಟು ಗಿಡ್ಡವಾಯಿತು. ಆದ್ದರಿಂದ ಕಾರು 6.2 ಮಿಲಿಮೀಟರ್ ಹತ್ತಿರ ಬಂದಾಗಲೆಲ್ಲ, ಕಳಿಸಿದ್ದಕ್ಕಿಂತ ಒಂದು ಅಲೆ ಹೆಚ್ಚಾಗಿ ಗನ್ನಿಗೆ ವಾಪಸು ಬರುತ್ತದೆ. ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 22.2 ಮೀಟರ್ ಸಾಗುತ್ತದೆ. ಅದರಲ್ಲಿ 6.2 ಮಿಲಿಮೀಟರ್‌ನ ಹೆಜ್ಜೆಗಳು ಎಷ್ಟು? ಸುಮಾರು 3,580. ಕಳಿಸಿದ ಅಲೆಗೂ ಬಂದ ಅಲೆಗೂ ಇರುವ ವ್ಯತ್ಯಾಸ ಸೆಕೆಂಡಿಗೆ 3,580 ಕಂಪನ. ಪುಸ್ತಕದಲ್ಲಿ ಇದನ್ನೇ ಹೀಗೆ ಬರೆಯುತ್ತಾರೆ:

```
fd = 2 v f / c
```

v ಕಾರಿನ ವೇಗ, f ಗನ್ನಿನ ಕಂಪನ, c ಬೆಳಕಿನ ವೇಗ, fd ಎಂಬುದು ಆ ವ್ಯತ್ಯಾಸ. ಆ 2 ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ತಡವರಿಸುವುದನ್ನು ಕಂಡಿದ್ದೇನೆ. ಹೋಗುವ ದಾರಿಯೂ ಬರುವ ದಾರಿಯೂ ಒಟ್ಟಿಗೇ ಗಿಡ್ಡವಾಗುತ್ತದಲ್ಲ, ಅದೇ ಆ ಎರಡು. ಈ ಗನ್ನಿಗೆ ಗಂಟೆಗೆ ಒಂದು ಕಿಲೋಮೀಟರ್ ಎಂದರೆ 44.75 ಕಂಪನ. ಕಂಪನವನ್ನು ಎಣಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ವೇಗ ಸಿಕ್ಕಿತು.

ಎಣಿಸುವುದು ಹೇಗೆ ಎಂಬುದೇ ಇದರ ಜಾಣತನ. ಸೆಕೆಂಡಿಗೆ 2,415 ಕೋಟಿ ಕಂಪನದಲ್ಲಿ 3,580ರ ವ್ಯತ್ಯಾಸ ಎಂದರೆ ಸುಮಾರು 67 ಲಕ್ಷದಲ್ಲಿ ಒಂದು ಪಾಲು. ಬಂದ ಅಲೆಯನ್ನು ಪ್ರತ್ಯೇಕವಾಗಿ ಅಳೆದು, ಕಳಿಸಿದ್ದನ್ನು ಇನ್ನೊಮ್ಮೆ ಅಳೆದು ಕಳೆಯುತ್ತೇವೆ ಎಂದು ಹೊರಟರೆ ಕೈಯಲ್ಲಿ ಹಿಡಿಯುವ ಉಪಕರಣದಿಂದ ಆಗುವ ಮಾತಲ್ಲ. ರೇಡಾರು ಹಾಗೆ ಮಾಡುವುದಿಲ್ಲ. ತಂಬೂರಿಗೆ ಶ್ರುತಿ ಕೂಡಿಸುವವರು ಮಾಡುವುದನ್ನೇ ಅದು ಮಾಡುತ್ತದೆ. ನಡುವಿನ ಎರಡು ಸಾರಣಿ ತಂತಿಗಳು ಹತ್ತಿರ ಹತ್ತಿರ ಬಂದಿವೆ, ಆದರೆ ಪೂರ್ತಿ ಕೂಡಿಲ್ಲ ಎನ್ನಿ. ಒಟ್ಟಿಗೆ ಮೀಟಿದಾಗ ದನಿ ತುಂಬಿ ಕುಗ್ಗಿ, ತುಂಬಿ ಕುಗ್ಗಿ ಅಲೆಯಾಡುತ್ತದೆ. ಒಂದು ತಂತಿ ಸೆಕೆಂಡಿಗೆ 130 ಸಲ, ಇನ್ನೊಂದು 132 ಸಲ ಕಂಪಿಸುತ್ತಿದ್ದರೆ ಆ ಏರಿಳಿತ ಸೆಕೆಂಡಿಗೆ ಸರಿಯಾಗಿ ಎರಡು ಸಲ. ನುಡಿಸುವವರಿಗೆ 130 ಎಂದೋ 132 ಎಂದೋ ಗೊತ್ತಿರಬೇಕಾಗಿಲ್ಲ. ವ್ಯತ್ಯಾಸ ತಾನಾಗಿ ಕೇಳಿಸುತ್ತದೆ. ಗನ್ನಿನೊಳಗೂ ಕಳಿಸುವ ಅಲೆಯಲ್ಲಿ ಒಂದು ಚೂರನ್ನು ಉಳಿಸಿಕೊಂಡು, ತಿರುಗಿ ಬಂದ ಅಲೆಯ ಜೊತೆ ಒಂದು ಡಯೋಡಿನಲ್ಲಿ ಕೂಡಿಸುತ್ತಾರೆ. ಹೊರಗೆ ಬರುವುದು ಆ ಏರಿಳಿತ ಮಾತ್ರ, 3,580 ಕಂಪನದ ಒಂದು ಸ್ವರ. ಅದು ಮನುಷ್ಯನ ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಇದೆ. ಸ್ಪೀಕರಿಗೆ ಕೊಟ್ಟರೆ ತೀಕ್ಷ್ಣವಾದ ಸಿಳ್ಳೆಯಂತೆ ಕೇಳುತ್ತದೆ.

ಇದರಿಂದ ಇನ್ನೊಂದು ಲಾಭ ಆಯಿತು. ಬಿಸಿಲಿಗೆ ಕಾದು ಗನ್ನಿನ ಮೂಲ ಕಂಪನ ನೂರಕ್ಕೆ 0.2ರಷ್ಟು ಆಚೀಚೆ ಆದರೂ ವೇಗದಲ್ಲಿ ಬರುವ ತಪ್ಪು ನೂರಕ್ಕೆ 0.2 ಮಾತ್ರ, 80 ಕಿಲೋಮೀಟರಿಗೆ 0.16. ಬಂದ ಅಲೆಯನ್ನು ಹೋಲಿಸುವುದು ಅದೇ ಗನ್ನಿನ ಅದೇ ಗಳಿಗೆಯ ಅಲೆಯೊಂದಿಗೆ. 150 ಮೀಟರ್ ದೂರದ ಕಾರಿಗೆ ಹೋಗಿ ಬರಲು ಅಲೆಗೆ ಬೇಕಾಗುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟರಲ್ಲಿ ಗನ್ನಿನ ಶ್ರುತಿ ಕೆಡುವುದಕ್ಕೆ ಸಮಯವೇ ಇಲ್ಲ.

ರಸ್ತೆ, ಕಂಬ, ಮರ, ಗೋಡೆ ಇವೆಲ್ಲವೂ ಅಲೆಯನ್ನು ಹಿಂದಕ್ಕೆ ಕಳಿಸುತ್ತವೆ, ಕಾರಿಗಿಂತ ಜೋರಾಗಿಯೇ ಕಳಿಸಬಹುದು. ಆದರೆ ಅವು ನಿಂತಿರುವುದರಿಂದ ಕಳಿಸಿದ ಕಂಪನವೇ ತಿರುಗಿ ಬರುತ್ತದೆ. ವ್ಯತ್ಯಾಸ ಸೊನ್ನೆ, ಸ್ವರವಿಲ್ಲ. ನಿಂತ ಜಗತ್ತೆಲ್ಲ ಮೌನವಾಗಿ, ಓಡುವುದು ಮಾತ್ರ ದನಿ ಮಾಡುತ್ತದೆ. ಹಾಗಿದ್ದ ಮೇಲೆ ಫ್ಲಾರಿಡಾದ ಮರ ದನಿ ಮಾಡಿದ್ದು ಹೇಗೆ?

ಅದಕ್ಕೆ ಮೊದಲು ನನ್ನ ಮನೆಯ ಒಂದು ಪ್ರಯೋಗವನ್ನು ಹೇಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ HB100 ಎಂಬ ಪುಟ್ಟ ರೇಡಾರ್ ಬೋರ್ಡು ಸಿಗುತ್ತದೆ, ಬಿಸ್ಕತ್ತಿನಷ್ಟು ದೊಡ್ಡದು. ಅದರ ಕಂಪನ 10.525 ಗಿಗಾಹರ್ಟ್ಸ್, ಗಂಟೆಗೆ ಒಂದು ಕಿಲೋಮೀಟರಿಗೆ 19.5 ಕಂಪನ. ಅದು ಕೊಡುವ ಸಂಕೇತ ತೀರಾ ಸಣ್ಣದಾದ್ದರಿಂದ ಒಂದು ಆಂಪ್ಲಿಫೈಯರಿಗೆ ಸೇರಿಸಿ, ಇಯರ್‌ಫೋನ್ ಹಾಕಿಕೊಂಡು ಕೂತೆ. ಮಗಳು ನನ್ನ ಕಡೆ ನಡೆದು ಬಂದಾಗ ತಂಬೂರಿಯ ಮಂದ್ರದಂಥ ಒಂದು ಗುಂಯ್‌ಗಾರ ಕೇಳಿತು. ಗೇಟಿನ ಮುಂದೆ ಸ್ಕೂಟರ್ ಹೋದಾಗ ಕೊಳಲಿನ ಹಾಗೆ ಏರಿ ಕಡಿಯಿತು.

ಆಮೇಲೆ ಫ್ಯಾನ್ ಹಾಕಿದೆ. ಕೆಳಗೆ ನಿಂತು ಬೋರ್ಡನ್ನು ಮೇಲಕ್ಕೆ ಹಿಡಿದಾಗ ದಪದಪ ಎಂಬ ದಡ್ಡ ಸದ್ದು ಮಾತ್ರ. ಏಣಿ ಹಾಕಿಕೊಂಡು ಗೋಡೆಯ ಪಕ್ಕ, ರೆಕ್ಕೆಗಳ ಎತ್ತರಕ್ಕೆ ಹತ್ತಿ ಅಡ್ಡಲಾಗಿ ಹಿಡಿದೆ. ‘ಝುಂಯ್ ಝುಂಯ್’ ಎಂದು ಪ್ರತಿ ರೆಕ್ಕೆಗೂ ಒಂದೊಂದು ಸಿಳ್ಳೆ! ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. 1,200 ಮಿಲಿಮೀಟರ್‌ನ ಫ್ಯಾನ್ ನಿಮಿಷಕ್ಕೆ 300 ಸುತ್ತು ತಿರುಗಿದರೆ ರೆಕ್ಕೆಯ ತುದಿ ಗಂಟೆಗೆ 68 ಕಿಲೋಮೀಟರ್ ವೇಗದಲ್ಲಿರುತ್ತದೆ. ಕೆಳಗಿನಿಂದ ನೋಡಿದಾಗ ರೆಕ್ಕೆ ನನ್ನ ಕಡೆ ಬರುತ್ತಿರಲಿಲ್ಲ, ಅಡ್ಡಡ್ಡ ಹೋಗುತ್ತಿತ್ತು. ಪಕ್ಕದಿಂದ ನೋಡಿದಾಗ ತುದಿ ನೇರವಾಗಿ ನನ್ನ ಕಡೆ ಬರುವ ಒಂದು ಗಳಿಗೆ ಇತ್ತು. ಅದೇ ಫ್ಯಾನು, ಅದೇ ವೇಗ, ನಿಂತ ಜಾಗ ಬೇರೆ, ಸ್ವರವೂ ಬೇರೆ.

ರಸ್ತೆ ಪಕ್ಕದ ರೇಡಾರಿನ ಮೊದಲ ಮಿತಿ ಇದೇ. ಅದು ಅಳೆಯುವುದು ವಾಹನದ ವೇಗವನ್ನಲ್ಲ, ವಾಹನ ಗನ್ನಿಗೆ ಹತ್ತಿರವಾಗುವ ವೇಗವನ್ನು. ಪೊಲೀಸರು ರಸ್ತೆಯ ನಡುವೆ ನಿಲ್ಲುವುದಿಲ್ಲ. ವಾಹನ ಸಾಗುವ ಗೆರೆಯಿಂದ ಹತ್ತು ಮೀಟರ್ ಪಕ್ಕಕ್ಕೆ ನಿಂತಿದ್ದಾರೆ, ಕಾರು ಸರಿಯಾಗಿ 100 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎನ್ನಿ. ಕಾರು 200 ಮೀಟರ್ ದೂರದಲ್ಲಿದ್ದಾಗ ಗನ್ನು 99.9 ಎನ್ನುತ್ತದೆ. 50 ಮೀಟರಿಗೆ ಬಂದಾಗ 98. ಕಾರನ್ನೇ ಹಿಂಬಾಲಿಸಿ ಗನ್ನನ್ನು ತಿರುಗಿಸುತ್ತಾ ಹೋದರೆ 20 ಮೀಟರಿನಲ್ಲಿ 89, ಹತ್ತರಲ್ಲಿ 71, ಪಕ್ಕಕ್ಕೆ ಬಂದ ಗಳಿಗೆಯಲ್ಲಿ ಸೊನ್ನೆ. ರೈಲಿನ ಹಾರನ್ ಒಂದೇಟಿಗೆ ಇಳಿಯದೆ ಜಾರುತ್ತಾ ಇಳಿಯುವುದಕ್ಕೂ ಇದೇ ಕಾರಣ. ಗನ್ನು ನಿಂತಲ್ಲೇ ಇದ್ದರೆ ಈ ತಪ್ಪು ಯಾವಾಗಲೂ ಚಾಲಕನ ಪರವಾಗಿಯೇ ಇರುತ್ತದೆ, ಇರುವುದಕ್ಕಿಂತ ಹೆಚ್ಚಿನ ವೇಗ ಕೋನದಿಂದ ಬರಲಾರದು. ಕಂಬಕ್ಕೆ ಕಟ್ಟಿ, ರಸ್ತೆಗೆ ಓರೆಯಾಗಿ ನೋಡುವ ಉಪಕರಣಗಳ ವಿಷಯ ಮಾತ್ರ ಬೇರೆ. ಅವು ಓರೆಯ ಲೆಕ್ಕವನ್ನು ತಾವೇ ಸೇರಿಸಿ ಅಂಕಿಯನ್ನು ಏರಿಸುತ್ತವೆ. 22 ಡಿಗ್ರಿ ಎಂದುಕೊಂಡು ಲೆಕ್ಕ ಹಾಕುವ ಪೆಟ್ಟಿಗೆಯನ್ನು ಕೂರಿಸುವವರು 20 ಡಿಗ್ರಿಗೆ ಕೂರಿಸಿದರೆ 100ರ ಕಾರು 101.3 ಎಂದು ದಾಖಲಾಗುತ್ತದೆ. ಅಲ್ಲಿ ಬೋಲ್ಟು ಬಿಗಿದವನ ಕೈಯೂ ಅಳತೆಯ ಒಂದು ಭಾಗ.

ಎರಡನೆಯ ಮಿತಿ ಇದಕ್ಕಿಂತ ತೊಡಕಿನದು. ಗನ್ನು ಸ್ವರವನ್ನು ಕೇಳಿಸಿಕೊಳ್ಳುತ್ತದೆ, ಆದರೆ ಹಾಡಿದವರು ಯಾರು ಎಂದು ಅದಕ್ಕೆ ಗೊತ್ತಿಲ್ಲ. ಗನ್ನಿನಿಂದ ಹೊರಡುವ ಅಲೆ ಟಾರ್ಚಿನ ಬೆಳಕಿನಂತೆ ಹರಡಿಕೊಳ್ಳುತ್ತದೆ. 12 ಡಿಗ್ರಿ ಹರಡಿದರೆ 300 ಮೀಟರ್ ದೂರದಲ್ಲಿ ಅದರ ಅಗಲ ಅರವತ್ತು ಮೀಟರ್ ದಾಟುತ್ತದೆ. ರಸ್ತೆಯ ಎಲ್ಲ ಸಾಲುಗಳೂ ಎರಡೂ ಬದಿಯ ಸರ್ವೀಸ್ ರಸ್ತೆಗಳೂ ಅದರೊಳಗೆ ಬಂದುಬಿಡುತ್ತವೆ. ಹಲವು ಸ್ವರಗಳು ಬಂದಾಗ ಹಳೆಯ ಗನ್ನುಗಳು ಅತಿ ಜೋರಾಗಿ ಕೇಳಿದ್ದನ್ನು ಆರಿಸಿಕೊಳ್ಳುತ್ತಿದ್ದವು. ಜೋರಾದದ್ದು ಹತ್ತಿರದ್ದೇ ಆಗಬೇಕೆಂದಿಲ್ಲ. ಹಿಂದಿರುಗುವ ಅಲೆಯ ಬಲ ದೂರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಮೂರು ಪಟ್ಟಾದರೆ ಬಲ 81 ಪಟ್ಟು ಕಡಿಮೆ. ಆದರೆ ಲಾರಿಯ ಚಪ್ಪಟೆ ಮೂತಿ ಒಂದು ಬೈಕಿಗಿಂತ ನೂರು ಪಟ್ಟು ಅಲೆಯನ್ನು ತಿರುಗಿಸುತ್ತದೆ ಎಂದುಕೊಂಡರೆ, 100 ಮೀಟರಿನಲ್ಲಿರುವ ಬೈಕಿಗಿಂತ 300 ಮೀಟರಿನ ಲಾರಿಯ ದನಿಯೇ ಜೋರು. ಗನ್ನು ಹಿಡಿದವರ ಕಣ್ಣ ಮುಂದೆ ಬೈಕು, ಅಂಕಿ ಲಾರಿಯದು.

ತಾಳೆಮರದ ವಿಷಯಕ್ಕೆ ಈಗ ಬರಬಹುದು. ನಿಂತ ಮರಕ್ಕೆ ಸ್ವರವಿಲ್ಲ. ಬೇರೆ ಯಾರೂ ಜೋರಾಗಿ ಹಾಡದಿದ್ದಾಗ ಗನ್ನು ತನ್ನ ಕಿವಿಯನ್ನು ಇನ್ನಷ್ಟು ಚುರುಕು ಮಾಡಿಕೊಳ್ಳುತ್ತದೆ, ಆಗ ಸಣ್ಣ ಸದ್ದೂ ಕೇಳುತ್ತದೆ. ಮರದ ಆಚೆ ದೂರದಲ್ಲಿ ಓಡುವ ವಾಹನವಿರಬಹುದು. ಪೊಲೀಸ್ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಗಾಳಿ ಊದುವ ಫ್ಯಾನಿನ ರೆಕ್ಕೆಗಳಿಗೆ ಗನ್ನಿನ ಅಲೆಯ ಒಂದು ಪಾಲು ತಾಗುತ್ತಿರಬಹುದು. ನನ್ನ ಮನೆಯ ಫ್ಯಾನಿನಂತೆ ಅದೂ ಒಂದು ಸ್ವರವನ್ನು ಕೊಡುತ್ತದೆ. ಕಾರಿನ ವೈರಿಂಗಿನ ಗದ್ದಲ, ಪಕ್ಕದಲ್ಲೇ ಮಾತಾಡುವ ವೈರ್‌ಲೆಸ್ ಸೆಟ್ ಕೂಡ ಗನ್ನಿನ ಒಳಗಿನ ಸರ್ಕ್ಯೂಟಿಗೆ ಕಂಪನವನ್ನು ತುಂಬಬಲ್ಲವು. ಎಲ್ಲಿಂದ ಬಂದರೂ ಸರಿ, ಕೇಳುವ ವ್ಯಾಪ್ತಿಯ ಒಂದು ಕಂಪನ ಸಿಕ್ಕಿತೆಂದರೆ ಗನ್ನು ಅದನ್ನು ವೇಗ ಎಂದೇ ಓದುತ್ತದೆ. ಫ್ಯಾನಿನ ಸ್ಪೀಡು ಏರಿಸಿದಾಗ ಅಂಕಿಯೂ ಏರಿದರೆ ಕಾರಣ ಅದೇ ಎಂದು ಗೊತ್ತಾಗುತ್ತದೆ.

ಓಡುವ ಪೊಲೀಸ್ ಕಾರಿನಿಂದ ಅಳೆಯುವಾಗ ಇನ್ನೊಂದು ಬಲೆ ಇದೆ, ಅದು ಚಾಲಕನಿಗೆ ನಿಜವಾಗಿ ಅನ್ಯಾಯ ಮಾಡಬಲ್ಲದು. ಪೊಲೀಸ್ ಕಾರು 60ರಲ್ಲಿ ಹೋಗುತ್ತಿದೆ, ಎದುರಿನಿಂದ ಒಂದು ಕಾರು 80ರಲ್ಲಿ ಬರುತ್ತಿದೆ. ರೇಡಾರಿಗೆ ಕೇಳುವುದು ಎರಡೂ ಕೂಡಿದ 140ರ ಸ್ವರ. ತನ್ನ ವೇಗವನ್ನು ತಿಳಿಯಲು ಅದು ರಸ್ತೆಯ ಪಕ್ಕದ ನೆಲ, ಕಂಬಗಳಿಂದ ಬರುವ ಇನ್ನೊಂದು ಸ್ವರವನ್ನು ಆಲಿಸುತ್ತದೆ. ಅದು 60. ಕಳೆದರೆ 80, ಸರಿಯಾಯಿತು. ಈಗ ಪೊಲೀಸ್ ಕಾರಿನ ಮುಂದೆ ಅದೇ ದಿಕ್ಕಿನಲ್ಲಿ ಒಂದು ದೊಡ್ಡ ಲಾರಿ 20ರಲ್ಲಿ ಹೋಗುತ್ತಿದೆ ಎನ್ನಿ. ಅದರ ಹಿಂಬದಿ ದೊಡ್ಡ ಗೋಡೆಯಿದ್ದಂತೆ, ನೆಲಕ್ಕಿಂತ ಜೋರಾಗಿ ಅಲೆಯನ್ನು ತಿರುಗಿಸುತ್ತದೆ. ಪೊಲೀಸ್ ಕಾರು ಅದಕ್ಕೆ ಹತ್ತಿರವಾಗುತ್ತಿರುವುದು 40ರ ವೇಗದಲ್ಲಿ. ರೇಡಾರು ಆ ಲಾರಿಯನ್ನೇ ನೆಲ ಎಂದು ನಂಬಿದರೆ ತನ್ನ ವೇಗ 40 ಎಂದು ತಿಳಿಯುತ್ತದೆ. 140ರಲ್ಲಿ 40 ಕಳೆದರೆ 100. ಎಂಬತ್ತರಲ್ಲಿ ಬಂದವನ ಲೆಕ್ಕಕ್ಕೆ ಇಪ್ಪತ್ತು ಕಿಲೋಮೀಟರ್ ಸೇರಿತು. ಇದನ್ನು ಹಿಡಿಯುವ ದಾರಿ ಸರಳ. ರೇಡಾರು ತೋರಿಸುವ ಸ್ವಂತ ವೇಗವನ್ನು ಅದೇ ಗಳಿಗೆಯಲ್ಲಿ ಕಾರಿನ ಸ್ಪೀಡೋಮೀಟರಿಗೆ ಹೋಲಿಸಬೇಕು. ಒಂದು 40, ಇನ್ನೊಂದು 60 ಎಂದಾದರೆ ಆ ಅಳತೆಯನ್ನು ಬಿಟ್ಟುಬಿಡಬೇಕು.

ಗನ್ನು ನೆಟ್ಟಗಿದೆಯೇ ಎಂದು ಸ್ಥಳದಲ್ಲೇ ನೋಡಲು ಶ್ರುತಿಕವೆ ಬಳಸುವ ಪದ್ಧತಿಯಿದೆ. ಶಾಲೆಯ ಪ್ರಯೋಗಾಲಯದಲ್ಲಿ ರಬ್ಬರ್ ತುಂಡಿಗೆ ಹೊಡೆದು ಕಿವಿಯ ಬಳಿ ಹಿಡಿಯುತ್ತಿದ್ದೆವಲ್ಲ, ಅದೇ ಎರಡು ಕಾಲಿನ ಲೋಹದ ಕವೆ. 3,580 ಕಂಪನದ ಕವೆಯನ್ನು ಬಡಿದು ಗನ್ನಿನ ಮೂತಿಯ ಮುಂದೆ ಹಿಡಿದರೆ, ಅದರ ಕಾಲುಗಳು ಅಲ್ಲಾಡುವ ಲಯಕ್ಕೆ ತಕ್ಕಂತೆ ತಿರುಗಿ ಬರುವ ಅಲೆ ಏರಿಳಿಯುತ್ತದೆ. ಗನ್ನು 80 ಎಂದು ತೋರಿಸಬೇಕು. ಅಂಗೈಯಲ್ಲಿರುವ ಕವೆ ಎಲ್ಲಿಗೂ ಓಡುತ್ತಿಲ್ಲ, ಓಡುವ ಕಾರಿನ ಸ್ವರವನ್ನು ಅನುಕರಿಸುತ್ತಿದೆ ಅಷ್ಟೇ. ಈ ಪರೀಕ್ಷೆ ನನಗೆ ಬಹಳ ಇಷ್ಟ. ಆದರೂ ಅದರ ಗಡಿಯನ್ನು ತಿಳಿದಿರಬೇಕು. ಗನ್ನಿನ ಮೂಲ ಕಂಪನ 24.15 ಇರಲಿ, ಕೆಟ್ಟು 23 ಆಗಿರಲಿ, ಕವೆ ಮಾತ್ರ ಅದೇ 3,580ರಲ್ಲಿ ಕಂಪಿಸುತ್ತದೆ, ಅಂಕಿ ಅದೇ 80 ಬರುತ್ತದೆ. ಎಣಿಸುವ ಭಾಗ ಸರಿಯಿದೆ ಎಂದು ಕವೆ ಹೇಳುತ್ತದೆ, ಅಲೆ ಕಳಿಸುವ ಭಾಗದ ಬಗ್ಗೆ ಅದು ಏನೂ ಹೇಳಲಾರದು. ಅದಕ್ಕೆ ಪ್ರಯೋಗಾಲಯದಲ್ಲಿ ಕಂಪನವನ್ನೇ ಅಳೆಯಬೇಕು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಈಗ ಒಂದು ನಿಯಮ ಬಂದಿದೆ. ತಕ್ಕಡಿ, ಪೆಟ್ರೋಲ್ ಬಂಕ್, ಆಟೋ ಮೀಟರುಗಳಿಗೆ ಮುದ್ರೆ ಹಾಕುವ ಕಾನೂನು ಮಾಪನ ವ್ಯವಸ್ಥೆಯೊಳಗೆ ವಾಹನದ ವೇಗ ಅಳೆಯುವ ರೇಡಾರುಗಳನ್ನೂ 2025ರಲ್ಲಿ ಕೇಂದ್ರ ಸರ್ಕಾರ ತಂದಿತು. ಆ ವರ್ಷದ ಜುಲೈ 1ರಿಂದ ಅದು ಜಾರಿಗೆ ಬಂತು. ಪರೀಕ್ಷೆಯಾಗಿ ಮುದ್ರೆ ಬಿದ್ದ ಮೇಲೆಯೇ ಉಪಕರಣವನ್ನು ರಸ್ತೆಗೆ ತರಬೇಕು. ಇಲ್ಲಿ ಒಂದು ಗೊಂದಲವನ್ನು ಬಿಡಿಸಿಡಬೇಕು. ರಸ್ತೆಯಲ್ಲಿ ಕಾಣುವ ‘ಸ್ಪೀಡ್ ಗನ್’ ಎಲ್ಲವೂ ರೇಡಾರಲ್ಲ. ಲೇಸರ್ ಗನ್ನುಗಳೂ ಇವೆ. ಅವು ಬೆಳಕಿನ ಚಿಕ್ಕ ಚಿಕ್ಕ ಮಿಣುಕುಗಳನ್ನು ಕಳಿಸಿ, ಹೋಗಿ ಬರುವ ಹೊತ್ತಿನಿಂದ ವಾಹನದ ದೂರವನ್ನು ಮತ್ತೆ ಮತ್ತೆ ಅಳೆದು, ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂದು ನೋಡುತ್ತವೆ. ಅಲ್ಲಿ ಡಾಪ್ಲರ್ ಇಲ್ಲ, ಸ್ವರವೂ ಇಲ್ಲ. ಅದರ ಕಿರಣ ತೆಳುವಾದ್ದರಿಂದ ಒಂದೇ ವಾಹನವನ್ನು ಗುರಿಯಿಡಬಹುದು. ಎಂಜಿನಿಯರುಗಳು ರೇಡಾರಿನ ಎರಡನೆಯ ಮಿತಿಗೆ ಕಂಡುಕೊಂಡ ಉತ್ತರಗಳಲ್ಲಿ ಅದೂ ಒಂದು.

ರೇಡಾರು ಬಳಸುವವರಲ್ಲಿ ಪಳಗಿದವರು ಅಂಕಿಯನ್ನು ಕೊನೆಗೆ ನೋಡುತ್ತಾರೆ. ಮೊದಲು ವಾಹನವನ್ನು ಕಣ್ಣಿನಿಂದ ಆರಿಸಿ, ಇದು ಸುಮಾರು ಇಷ್ಟು ವೇಗದಲ್ಲಿದೆ ಎಂದು ಮನಸ್ಸಿನಲ್ಲೇ ಅಂದಾಜು ಮಾಡಿಕೊಳ್ಳುತ್ತಾರೆ. ಆಮೇಲೆ ಗನ್ನಿನ ಸ್ಪೀಕರಿಗೆ ಕಿವಿ ಕೊಡುತ್ತಾರೆ. ಒಂದೇ ವಾಹನದ ಸ್ವರ ಶುದ್ಧವಾಗಿ, ಒಂದೇ ಎಳೆಯಾಗಿ ಬರುತ್ತದೆ. ವಾಹನ ಹತ್ತಿರ ಬಂದಂತೆ ಜೋರಾಗುತ್ತದೆ, ಚಾಲಕ ಬ್ರೇಕ್ ಒತ್ತಿದರೆ ಕೆಳಕ್ಕೆ ಜಾರುತ್ತದೆ. ಎರಡು ವಾಹನಗಳು ಬೆರೆತರೆ ಸ್ವರ ಒಡಕಾಗುತ್ತದೆ, ವೈರಿಂಗಿನ ಗದ್ದಲವಾದರೆ ಕರಕರ ಎನ್ನುತ್ತದೆ. ಆ ವಾಹನ ಗನ್ನಿನ ಮುಂದಿನಿಂದ ಸರಿದು ಹೋದ ಗಳಿಗೆಯಲ್ಲೇ ಸ್ವರವೂ ಕಡಿಯಬೇಕು. ವಾಹನ ದಾಟಿ ಹೋಗಿ, ಮುಂದೆ ಬರಿಯ ಮರವೊಂದು ಉಳಿದ ಮೇಲೂ ಸಿಳ್ಳೆ ಹಾಗೇ ಕೇಳುತ್ತಿದ್ದರೆ, ಪರದೆಯ ಮೇಲಿನ ಅಂಕಿ ಆ ವಾಹನದ್ದಲ್ಲ.